ತಾಯಿಯಲ್ಲಿ ಎರಡು ಆ್ಯಂಟಿಬಾಡಿ, ಮಗುವಿಗೆ ತಲುಪುವುದು ಒಂದೇ

(ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಐದು ಬಗೆಯ ಆ್ಯಂಟಿಬಾಡಿಗಳ ಕೋಷ್ಟಕ ನಿಮ್ಮೆಲ್ಲರ ಪುಸ್ತಕದಲ್ಲೂ ಇದೆ. ತೂಕ, ಪ್ರಮಾಣ, ಎಷ್ಟು ದಿನ ಬಾಳುತ್ತದೆ, ಮಾಸು ದಾಟುತ್ತದೋ ಇಲ್ಲವೋ, ಎಲ್ಲಾ ಸಾಲುಸಾಲಾಗಿ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತೇವೆ, ವಾರದಲ್ಲಿ ಮರೆಯುತ್ತೇವೆ. ಇವತ್ತು ಆ ಕೋಷ್ಟಕ ಪಕ್ಕಕ್ಕಿಟ್ಟು ಒಂದು ಕೇಸ್ ಹಿಡಿದು ಹೋಗೋಣ. ಇದು ಪಾಠಕ್ಕಾಗಿ ಕಟ್ಟಿದ ಕೇಸ್. ಆದರೆ ಇದರಲ್ಲಿರುವ ಪ್ರತಿಯೊಂದು ವಿಷಯವನ್ನೂ ರಕ್ತನಿಧಿಯಲ್ಲಿ ಕೆಲಸ ಮಾಡುವವರು ನೋಡಿಯೇ ಇರುತ್ತಾರೆ.

ತಾಯಿಯ ರಕ್ತದ ಗುಂಪು ಬಿ ನೆಗೆಟಿವ್. ಮೊದಲ ಮಗು ಬಿ ಪಾಸಿಟಿವ್, ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಆ ಹೆರಿಗೆಯ ನಂತರ ತಾಯಿಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಟ್ಟಿರಲಿಲ್ಲ. ಈಗ ಎರಡನೇ ಮಗು ಹುಟ್ಟಿದೆ, ಅದರ ಗುಂಪು ಎ ಪಾಸಿಟಿವ್. ಹುಟ್ಟಿ ಹನ್ನೆರಡು ಗಂಟೆ ಆಗಿಲ್ಲ, ಆಗಲೇ ಮೈ ಹಳದಿ ತಿರುಗಿದೆ. ಹಿಮೋಗ್ಲೋಬಿನ್ 10 ಗ್ರಾಂಗೆ ಇಳಿದಿದೆ. ಈ ವಯಸ್ಸಿಗೆ 16, 17 ಇರಬೇಕಿತ್ತು. ಮಗುವಿನ ಕೆಂಪು ಕಣಗಳು ಒಡೆಯುತ್ತಿವೆ.

ಈ ಮಗುವಿನ ಕೆಂಪು ಕಣದ ಮೇಲೆ ತಾಯಿಯ ಪಾಲಿಗೆ ಹೊರಗಿನದಾದ ಎರಡು ಆ್ಯಂಟಿಜೆನ್‌ಗಳಿವೆ. ಒಂದು ಎ, ಇನ್ನೊಂದು ಗುಂಪನ್ನು ಪಾಸಿಟಿವ್ ಮಾಡುವ ಡಿ. ತಾಯಿಯ ರಕ್ತದಲ್ಲಿ ಎರಡಕ್ಕೂ ಆ್ಯಂಟಿಬಾಡಿ ಇದೆ. ಬಿ ಗುಂಪಿನವರಾದ್ದರಿಂದ ಆ್ಯಂಟಿ-ಎ ಅವರಿಗೆ ಚಿಕ್ಕಂದಿನಿಂದಲೇ ಇದೆ. ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ಎ ತರಹದ ಸಕ್ಕರೆ ಸರಪಳಿಗಳು ಇರುವುದರಿಂದ ಅದು ತಾನಾಗಿ ಹುಟ್ಟಿಕೊಳ್ಳುತ್ತದೆ. ಆ್ಯಂಟಿ-ಡಿ ಮಾತ್ರ ಮೊದಲ ಹೆರಿಗೆಯಿಂದ ಬಂದದ್ದು.

ಈಗ ಯೋಚಿಸಿ. ವಯಸ್ಕರ ಎ ಗುಂಪಿನ ಕೆಂಪು ಕಣದ ಮೇಲೆ ಸುಮಾರು ಹತ್ತು ಲಕ್ಷ ಎ ಆ್ಯಂಟಿಜೆನ್ ಇರುತ್ತವೆ. ಡಿ ಇರುವುದು ಹತ್ತರಿಂದ ಮೂವತ್ತು ಸಾವಿರ ಅಷ್ಟೇ. ನವಜಾತ ಶಿಶುವಿನಲ್ಲಿ ಎ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಆದರೂ ಡಿ ಗಿಂತ ಜಾಸ್ತಿಯೇ. ಎ ಗುಂಪಿನ ರಕ್ತವನ್ನು ತಪ್ಪಿ ಈ ತಾಯಿಗೆ ಏರಿಸಿದರೆ ಆ್ಯಂಟಿ-ಎ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ತರುತ್ತದೆ. ಅಷ್ಟು ಉಗ್ರವಾದ ಆ್ಯಂಟಿಬಾಡಿ ಮಗುವಿಗೆ ಏನೂ ಮಾಡಿಲ್ಲ. ಅದಕ್ಕಿಂತ ಮೆತ್ತಗಿನ ಆ್ಯಂಟಿ-ಡಿ ಮಗುವಿನ ರಕ್ತವನ್ನು ತಿಂದುಹಾಕುತ್ತಿದೆ. ಯಾಕೆ ಹೀಗೆ? ಆ್ಯಂಟಿ-ಎ ಬಹುಪಾಲು ಐಜಿಎಂ, ಆ್ಯಂಟಿ-ಡಿ ಬಹುಪಾಲು ಐಜಿಜಿ. ಉತ್ತರ ಇಷ್ಟೇ. ಆದರೆ ಈ ಉತ್ತರ ಅರ್ಥ ಆಗಬೇಕಾದರೆ ಎರಡರ ರಚನೆಯನ್ನು ಹತ್ತಿರದಿಂದ ನೋಡಬೇಕು.

ಕೈ ಮತ್ತು ಕಾಂಡ

ಎಲ್ಲ ಆ್ಯಂಟಿಬಾಡಿಯ ಮೂಲ ಘಟಕ ಒಂದೇ. ಎರಡು ಉದ್ದದ ಹೆವಿ ಚೈನ್, ಎರಡು ಗಿಡ್ಡ ಲೈಟ್ ಚೈನ್. ಇವನ್ನು ಗಂಧಕದ ಬಂಧಗಳು, ಅಂದರೆ ಡೈಸಲ್ಫೈಡ್ ಬಂಧಗಳು, ಹಿಡಿದಿಟ್ಟಿರುತ್ತವೆ. ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ. ಮೇಲಿನ ಎರಡು ಕೈಗಳ ತುದಿಯಲ್ಲಿ ಆ್ಯಂಟಿಜೆನ್ ಹಿಡಿಯುವ ಜಾಗ ಇದೆ. ಒಂದು ಹೆವಿ ಚೈನ್‌ನ ತುದಿ, ಒಂದು ಲೈಟ್ ಚೈನ್‌ನ ತುದಿ ಸೇರಿ ಆ ಜಾಗ ಆಗುತ್ತದೆ. ಎರಡರಲ್ಲೂ ಮೂರು ಮೂರು ಕುಣಿಕೆಗಳು, ಒಟ್ಟು ಆರು ಕುಣಿಕೆಗಳು ಆ್ಯಂಟಿಜೆನ್ನನ್ನು ಮುಟ್ಟುತ್ತವೆ. ಕೆಳಗಿನ ಕಾಂಡ ಎರಡು ಹೆವಿ ಚೈನ್‌ಗಳಿಂದ ಮಾತ್ರ ಆದದ್ದು.

ರಾಡ್ನಿ ಪೋರ್ಟರ್ ಅವರು ಐಜಿಜಿಯನ್ನು ಪಪೇನ್ ಎಂಬ ಕಿಣ್ವದಿಂದ ಕತ್ತರಿಸಿದಾಗ ಮೂರು ತುಂಡು ಸಿಕ್ಕಿದವು. ಎರಡು ತುಂಡು ಆ್ಯಂಟಿಜೆನ್ ಹಿಡಿಯುತ್ತಿದ್ದವು, ಅವು ಫ್ಯಾಬ್. ಮೂರನೆಯದು ಏನನ್ನೂ ಹಿಡಿಯುತ್ತಿರಲಿಲ್ಲ, ಆದರೆ ಸುಲಭವಾಗಿ ಹರಳುಗಟ್ಟುತ್ತಿತ್ತು, ಅದು ಎಫ್‌ಸಿ. ಇತ್ತ ಜೆರಾಲ್ಡ್ ಎಡೆಲ್‌ಮನ್ ಅವರು ಡೈಸಲ್ಫೈಡ್ ಬಂಧಗಳನ್ನು ಬಿಡಿಸಿ, ಇದು ಹಲವು ಸರಪಳಿಗಳಿಂದ ಕೂಡಿದ ಅಣು ಅಂತ ತೋರಿಸಿದರು. ಇಬ್ಬರಿಗೂ 1972ರಲ್ಲಿ ನೊಬೆಲ್ ಬಂತು.

ಇದರಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಒಂದೇ. ಯಾವುದನ್ನು ಹಿಡಿಯಬೇಕು ಅಂತ ಕೈ ತೀರ್ಮಾನ ಮಾಡುತ್ತದೆ. ಹಿಡಿದ ಮೇಲೆ ಏನಾಗಬೇಕು, ಆ ಆ್ಯಂಟಿಬಾಡಿ ದೇಹದಲ್ಲಿ ಎಲ್ಲಿಗೆ ಹೋಗಬೇಕು, ಎಷ್ಟು ದಿನ ಬಾಳಬೇಕು, ಇದೆಲ್ಲ ಕಾಂಡದ ತೀರ್ಮಾನ. ಐದು ವರ್ಗಗಳೆಂದರೆ ಐದು ಬಗೆಯ ಹೆವಿ ಚೈನ್: ಐಜಿಜಿಗೆ ಗ್ಯಾಮಾ, ಐಜಿಎಂಗೆ ಮ್ಯೂ, ಐಜಿಎಗೆ ಆಲ್ಫಾ, ಐಜಿಇಗೆ ಎಪ್ಸಿಲಾನ್, ಐಜಿಡಿಗೆ ಡೆಲ್ಟಾ. ಲೈಟ್ ಚೈನ್ ಕಪ್ಪಾ ಇರಲಿ, ಲ್ಯಾಂಬ್ಡಾ ಇರಲಿ, ಅದರಿಂದ ವರ್ಗ ಬದಲಾಗುವುದಿಲ್ಲ. ಇಲ್ಲಿ ಪ್ರತಿ ವರ್ಷವೂ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ.

ಆ್ಯಂಟಿ-ಎ: ಐಜಿಎಂ ಹೇಗೆ ಕೆಲಸ ಮಾಡುತ್ತದೆ

ಐಜಿಎಂನಲ್ಲಿ ಐದು ವೈಗಳು ಕಾಂಡದ ಕಡೆಯಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಜೊತೆಗೆ ಜೆ ಚೈನ್ ಎಂಬ ಒಂದು ಚಿಕ್ಕ ಪ್ರೋಟೀನ್ ಇರುತ್ತದೆ. ಒಟ್ಟು ಹತ್ತು ಕೈ. ತೂಕ ಸುಮಾರು 950 ಕಿಲೊಡಾಲ್ಟನ್, ಐಜಿಜಿಯ ಆರು ಪಟ್ಟಿಗೂ ಹೆಚ್ಚು. ಮ್ಯೂ ಚೈನ್‌ನಲ್ಲಿ ಬಾಗುವ ಹಿಂಜ್ ಭಾಗ ಇಲ್ಲ, ಆ ಜಾಗದಲ್ಲಿ ಒಂದು ಹೆಚ್ಚುವರಿ ಡೊಮೈನ್ ಇದೆ. ಒಂದೊಂದು ಕೈಯ ಹಿಡಿತ ಅಷ್ಟು ಬಿಗಿ ಇರುವುದಿಲ್ಲ. ಆದರೆ ಹತ್ತು ಕೈಯಿಂದ ಹಿಡಿದಾಗ ಒಂದು ಜಾರಿದರೂ ಉಳಿದವು ಬಿಡುವುದಿಲ್ಲ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಗುಂಪು ಪರೀಕ್ಷೆ ಮಾಡುವಾಗ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಒಂದು ಹನಿ ಆ್ಯಂಟಿ-ಎ ಹಾಕಿ ಕಲಸಿ, ಮೆಲ್ಲಗೆ ಆಡಿಸಿ. ಎ ಗುಂಪಿನ ರಕ್ತ ಆದರೆ ಕಣಗಳು ನಿಮ್ಮ ಕಣ್ಣೆದುರೇ ಗಂಟುಗಟ್ಟುತ್ತವೆ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಾ ಇರುತ್ತವೆ. ಐಜಿಎಂನ ಹರವು ಸುಮಾರು 30 ನ್ಯಾನೊಮೀಟರ್. ಆ ಅಂತರ ದಾಟಿ ಎರಡು ಕಣಗಳನ್ನು ಒಟ್ಟಿಗೆ ಹಿಡಿಯುವಷ್ಟು ಉದ್ದ ಅದಕ್ಕಿದೆ. ಐಜಿಜಿಯ ಉದ್ದ ಅದರ ಅರ್ಧದಷ್ಟು. ಅದು ಒಂದು ಕಣಕ್ಕೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಐಜಿಎಂನ ನಿಜವಾದ ಶಕ್ತಿ ಕಾಂಪ್ಲಿಮೆಂಟ್ ಎಬ್ಬಿಸುವುದರಲ್ಲಿದೆ. ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿ ಸುಮ್ಮನಿದ್ದು, ಎದ್ದಾಗ ಜೀವಕೋಶಕ್ಕೆ ತೂತು ಹಾಕುವ ಪ್ರೋಟೀನ್‌ಗಳ ಸಾಲು. ಕಾಂಪ್ಲಿಮೆಂಟ್‌ನ ಮೊದಲ ಅಣು ಸಿ1ಕ್ಯು. ಅದಕ್ಕೆ ಆರು ತಲೆಗಳಿವೆ. ಒಂದು ತಲೆ ಒಂದು ಕಾಂಡವನ್ನು ಹಿಡಿದರೆ ಸಾಲದು, ಒಟ್ಟಿಗೆ ಹಲವು ಕಾಂಡಗಳು ಹತ್ತಿರದಲ್ಲಿ ಸಿಗಬೇಕು. ರಕ್ತದಲ್ಲಿ ಓಡಾಡುವಾಗ ಐಜಿಎಂ ಚಪ್ಪಟೆಯಾಗಿರುತ್ತದೆ, ಸಿ1ಕ್ಯು ಹಿಡಿಯುವ ಜಾಗ ಅಷ್ಟಾಗಿ ಸಿಗುವುದಿಲ್ಲ. ಕಣದ ಮೇಲೆ ಕೂತಾಗ ಕೈಗಳು ಕೆಳಕ್ಕೆ ಬಾಗಿ, ಕಾಲೂರಿ ನಿಂತ ಏಡಿಯ ಹಾಗೆ ನಡು ಮೇಲೆದ್ದು ನಿಲ್ಲುತ್ತದೆ. ಆಗ ಆ ಜಾಗಗಳು ತೆರೆದುಕೊಳ್ಳುತ್ತವೆ. ಹಾಗಾಗಿ ಸರಿಯಾಗಿ ಕೂತ ಒಂದೇ ಒಂದು ಐಜಿಎಂ ಅಣು ಕಾಂಪ್ಲಿಮೆಂಟ್ ಶುರು ಮಾಡಲು ಸಾಕು. ಖಾಲಿ ಓಡಾಡುವ ಐಜಿಎಂ ಸುಮ್ಮಸುಮ್ಮನೆ ಕಾಂಪ್ಲಿಮೆಂಟ್ ಎಬ್ಬಿಸದೆ ಇರುವುದೂ ಇದೇ ಕಾರಣಕ್ಕೆ.

ತಪ್ಪು ಗುಂಪಿನ ರಕ್ತ ಏರಿಸಿದಾಗ ಆಗುವುದು ಇದೇ. ರಕ್ತನಾಳದ ಒಳಗೇ ಕಣಗಳಿಗೆ ತೂತು ಬಿದ್ದು ಒಡೆಯುತ್ತವೆ. ಹಿಮೋಗ್ಲೋಬಿನ್ ಪ್ಲಾಸ್ಮಾಕ್ಕೆ ಸುರಿಯುತ್ತದೆ, ಮೂತ್ರ ಕೆಂಪಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಕೈಕೊಡಬಹುದು. ಇಷ್ಟೆಲ್ಲ ಮಾಡಬಲ್ಲ ಐಜಿಎಂ ಬಹುಪಾಲು ರಕ್ತನಾಳದ ಒಳಗೇ ಉಳಿಯುತ್ತದೆ, ಸುಮಾರು ಐದು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮತ್ತು ಅದು ಮಾಸು ದಾಟುವುದಿಲ್ಲ.

ಗಾತ್ರದ ಮಾತು ಬಿಡಿ

ಐಜಿಎಂ ಯಾಕೆ ಮಾಸು ದಾಟುವುದಿಲ್ಲ ಅಂತ ಕೇಳಿದರೆ 'ಅದು ತುಂಬಾ ದೊಡ್ಡದು' ಅಂತ ಎಲ್ಲರೂ ಬರೆಯುತ್ತಾರೆ. ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಐಜಿಜಿ ಸುಮಾರು 150 ಕಿಲೊಡಾಲ್ಟನ್. ಒಂಟಿಯಾಗಿರುವ ಐಜಿಎ ಸುಮಾರು 160, ಐಜಿಇ ಸುಮಾರು 190. ಗಾತ್ರವೇ ಕಾರಣ ಆಗಿದ್ದರೆ ಇವೆರಡೂ ಒಂದಿಷ್ಟಾದರೂ ದಾಟಬೇಕಿತ್ತಲ್ವಾ? ದಾಟುವುದಿಲ್ಲ. ಇವೆಲ್ಲಕ್ಕಿಂತ ಚಿಕ್ಕದಾದ ಆಲ್ಬುಮಿನ್ ಕೂಡ ಐಜಿಜಿಯ ಹಾಗೆ ಸಾಗಿ ಮಗುವಿನಲ್ಲಿ ತುಂಬಿಕೊಳ್ಳುವುದಿಲ್ಲ. ಐಜಿಜಿ ಸೋರಿ ಹೋಗುವುದಲ್ಲ, ಅದನ್ನು ಹೊತ್ತು ದಾಟಿಸಲಾಗುತ್ತದೆ.

ಹೊರುವ ಅಣುವಿನ ಹೆಸರು ಎಫ್‌ಸಿಆರ್‌ಎನ್. ಮಾಸಿನ ಹೊರ ಪದರದ ಜೀವಕೋಶಗಳು ತಾಯಿಯ ರಕ್ತದ ದ್ರವವನ್ನು ಗುಟುಕು ಗುಟುಕಾಗಿ ಒಳಗೆ ಎಳೆದುಕೊಳ್ಳುತ್ತವೆ. ಆ ಗುಳ್ಳೆಯೊಳಗೆ ಆಮ್ಲೀಯತೆ ಏರುತ್ತದೆ, ಪಿಎಚ್ ಸುಮಾರು 6ಕ್ಕೆ ಇಳಿಯುತ್ತದೆ. ಐಜಿಜಿ ಕಾಂಡದ ನಡುವೆ, ಎರಡನೇ ಮತ್ತು ಮೂರನೇ ಡೊಮೈನ್ ಸೇರುವ ಕಡೆ, ಹಿಸ್ಟಿಡಿನ್ ಎಂಬ ಅಮಿನೊ ಆಮ್ಲಗಳಿವೆ. ಆಮ್ಲದಲ್ಲಿ ಅವು ಧನ ಆವೇಶ ಪಡೆದು ಎಫ್‌ಸಿಆರ್‌ಎನ್‌ಗೆ ಅಂಟುತ್ತವೆ. ಗುಳ್ಳೆ ಮಗುವಿನ ಕಡೆಗೆ ಹೋಗಿ ತೆರೆದಾಗ ಪಿಎಚ್ 7.4, ಆವೇಶ ಹೋಯಿತು, ಹಿಡಿತ ಬಿಟ್ಟಿತು, ಐಜಿಜಿ ಮಗುವಿನ ಕಡೆ ಸೇರಿತು. ಮ್ಯೂ, ಆಲ್ಫಾ, ಎಪ್ಸಿಲಾನ್ ಕಾಂಡಗಳಲ್ಲಿ ಈ ಹಿಡಿಕೆ ಇಲ್ಲ. ಅವು ಗುಳ್ಳೆಯೊಳಗೇ ಜೀರ್ಣ ಆಗುತ್ತವೆ.

ಇದೇ ಎಫ್‌ಸಿಆರ್‌ಎನ್ ರಕ್ತನಾಳದ ಒಳಪದರದಲ್ಲೂ ಇದೆ. ಅಲ್ಲಿ ಅದು ಐಜಿಜಿಯನ್ನು ಜೀರ್ಣ ಆಗಲು ಬಿಡದೆ ಮತ್ತೆ ರಕ್ತಕ್ಕೆ ವಾಪಸ್ ಕಳಿಸುತ್ತದೆ. ಐಜಿಜಿ ಅರ್ಧಕ್ಕೆ ಇಳಿಯಲು ಮೂರು ವಾರ ಬೇಕಾಗುವುದು ಈ ಕಾರಣಕ್ಕೆ. ಬೇರೆ ಯಾವ ವರ್ಗವೂ ರಕ್ತದಲ್ಲಿ ಇಷ್ಟು ದಿನ ಬಾಳುವುದಿಲ್ಲ. ಮಾಸು ದಾಟುವುದು, ದೀರ್ಘ ಬಾಳಿಕೆ ಅಂತ ಕೋಷ್ಟಕದಲ್ಲಿ ಎರಡು ಬೇರೆ ಸಾಲುಗಳಿವೆ. ಎರಡಕ್ಕೂ ಕಾರಣ ಒಂದೇ ಹಿಡಿಕೆ.

ಈ ಸಾಗಾಟ ಗರ್ಭದ ಕೊನೆಯ ತಿಂಗಳುಗಳಲ್ಲಿ ಜೋರಾಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಐಜಿಜಿ ತಾಯಿಯಷ್ಟೇ, ಕೆಲವೊಮ್ಮೆ ತಾಯಿಗಿಂತ ಹೆಚ್ಚೇ ಇರುತ್ತದೆ. ದಡಾರದ ವಿರುದ್ಧದ ಆ್ಯಂಟಿಬಾಡಿ ಆಗಲಿ, ಮಗುವಿನ ಕೆಂಪು ಕಣವನ್ನೇ ಹಿಡಿಯುವ ಆ್ಯಂಟಿ-ಡಿ ಆಗಲಿ, ಎಫ್‌ಸಿಆರ್‌ಎನ್‌ಗೆ ಎರಡೂ ಒಂದೇ. ಅದು ಕಾಂಡ ನೋಡುತ್ತದೆ, ಕೈ ನೋಡುವುದಿಲ್ಲ.

ಆ್ಯಂಟಿ-ಡಿ ಕಣವನ್ನು ಹೇಗೆ ಕೊಲ್ಲುತ್ತದೆ

ಆ್ಯಂಟಿ-ಡಿ ಮಗುವಿನ ಕಣಕ್ಕೆ ಅಂಟಿತು. ಆದರೆ ಡಿ ಆ್ಯಂಟಿಜೆನ್‌ಗಳು ಕಡಿಮೆ, ದೂರ ದೂರ ಇವೆ. ಐಜಿಜಿ ಮೂಲಕ ಸಿ1ಕ್ಯು ಏಳಬೇಕಾದರೆ ಹಲವು ಐಜಿಜಿಗಳು ಪಕ್ಕಪಕ್ಕದಲ್ಲಿ ಕೂರಬೇಕು. ಇಲ್ಲಿ ಅದು ಆಗುವುದಿಲ್ಲ. ಹಾಗಾಗಿ ಕಾಂಪ್ಲಿಮೆಂಟ್ ಸುಮ್ಮನಿರುತ್ತದೆ, ಕಣ ರಕ್ತನಾಳದೊಳಗೆ ಸಿಡಿಯುವುದಿಲ್ಲ.

ಕೆಲಸ ನಡೆಯುವುದು ಗುಲ್ಮದಲ್ಲಿ. ಅಲ್ಲಿನ ಮ್ಯಾಕ್ರೊಫೇಜ್‌ಗಳ ಮೈಮೇಲೆ ಐಜಿಜಿ ಕಾಂಡ ಹಿಡಿಯುವ ಎಫ್‌ಸಿ-ಗ್ಯಾಮಾ ರಿಸೆಪ್ಟರ್‌ಗಳಿವೆ. ಐಜಿಜಿ ಅಂಟಿದ ಕಣ ಹತ್ತಿರ ಬಂದರೆ ಪೂರ್ತಿ ನುಂಗುತ್ತವೆ, ಇಲ್ಲವೇ ಪೊರೆಯ ಒಂದು ತುಂಡು ಕಿತ್ತುಕೊಳ್ಳುತ್ತವೆ. ಪೊರೆ ಕಳೆದುಕೊಂಡ ಕಣ ದುಂಡಗಾಗುತ್ತದೆ, ಗುಲ್ಮದ ಇಕ್ಕಟ್ಟಿನ ಸಂದುಗಳಲ್ಲಿ ಬಾಗಿ ನುಸುಳಲಾರದೆ ಸಿಕ್ಕಿಬೀಳುತ್ತದೆ. ಒಡೆದ ಕಣದ ಹಿಮೋಗ್ಲೋಬಿನ್ ಬಿಲಿರುಬಿನ್ ಆಗುತ್ತದೆ. ಹೊಟ್ಟೆಯೊಳಗಿದ್ದಾಗ ಆ ಬಿಲಿರುಬಿನ್ ಮಾಸಿನ ಮೂಲಕ ತಾಯಿಗೆ ಹೋಗಿ, ತಾಯಿಯ ಯಕೃತ್ತು ಅದನ್ನು ಹೊರಹಾಕುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ದಾರಿ ಮುಚ್ಚಿತು. ಮಗುವಿನ ಯಕೃತ್ತು ಇನ್ನೂ ಬಲಿತಿಲ್ಲ. ಅದಕ್ಕೇ ಮಗು ಹುಟ್ಟುವಾಗ ಹಳದಿ ಇಲ್ಲ, ಕೆಲವೇ ಗಂಟೆಗಳಲ್ಲಿ ಹಳದಿ. ಮೊದಲ 24 ಗಂಟೆಯೊಳಗೆ ಬರುವ ಕಾಮಾಲೆಯನ್ನು ಎಂದೂ ಮಾಮೂಲು ಅಂತ ಬಿಡಬೇಡಿ. ಬಿಲಿರುಬಿನ್ ತೀರಾ ಏರಿದರೆ ಮೆದುಳಿನಲ್ಲಿ ಇಳಿದು ಶಾಶ್ವತ ಹಾನಿ ಮಾಡುತ್ತದೆ.

ಇದನ್ನು ಪತ್ತೆ ಮಾಡುವುದು ಹೇಗೆ? ಮಗುವಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಗಂಟುಗಟ್ಟಿರುವುದಿಲ್ಲ. ಐಜಿಜಿ ಗಿಡ್ಡ, ಎರಡು ಕಣಗಳನ್ನು ಸೇರಿಸಲಾರದು ಅಂತ ಆಗಲೇ ಹೇಳಿದೆ. 1945ರಲ್ಲಿ ಕೂಂಬ್ಸ್, ಮೌರಂಟ್ ಮತ್ತು ರೇಸ್ ಇದಕ್ಕೊಂದು ದಾರಿ ಕೊಟ್ಟರು. ಮಗುವಿನ ಕಣಗಳನ್ನು ಚೆನ್ನಾಗಿ ತೊಳೆಯಿರಿ. ಅದಕ್ಕೆ ಮನುಷ್ಯರ ಐಜಿಜಿಯನ್ನೇ ಹಿಡಿಯುವ ಇನ್ನೊಂದು ಆ್ಯಂಟಿಬಾಡಿ ಹಾಕಿ. ಒಂದು ಕಣದ ಐಜಿಜಿ ಕಾಂಡವನ್ನೂ ಪಕ್ಕದ ಕಣದ ಐಜಿಜಿ ಕಾಂಡವನ್ನೂ ಅದು ಹಿಡಿದು ಸೇತುವೆ ಆಗುತ್ತದೆ. ಗಂಟು ಕಟ್ಟಿತು, ನೇರ ಕೂಂಬ್ಸ್ ಪರೀಕ್ಷೆ ಪಾಸಿಟಿವ್. ತೊಳೆಯುವುದು ಸರಿಯಾಗದಿದ್ದರೆ ಪ್ಲಾಸ್ಮಾದಲ್ಲಿ ಉಳಿದ ಐಜಿಜಿಯೇ ಆ ಆ್ಯಂಟಿಬಾಡಿಯನ್ನೆಲ್ಲ ಹೀರಿಕೊಂಡು, ಕಣಕ್ಕೆ ಏನೂ ಉಳಿಯುವುದಿಲ್ಲ. ಆಗ ಸುಳ್ಳು ನೆಗೆಟಿವ್ ಬರುತ್ತದೆ. ಅದಕ್ಕೇ ನೆಗೆಟಿವ್ ಬಂದ ಪ್ರತಿ ಕೊಳವೆಗೂ ಮೊದಲೇ ಐಜಿಜಿ ಅಂಟಿಸಿದ ಕಣಗಳನ್ನು ಹಾಕಿ, ಅವು ಗಂಟುಗಟ್ಟುತ್ತವೆಯೇ ಅಂತ ನೋಡುತ್ತಾರೆ. ಗಂಟುಗಟ್ಟದಿದ್ದರೆ ಪರೀಕ್ಷೆ ಮೊದಲಿನಿಂದ ಮಾಡಬೇಕು.

ತಾಯಿಯ ಸೀರಮ್‌ನಲ್ಲಿ ಒಂದು ಆ್ಯಂಟಿಬಾಡಿ ಸಿಕ್ಕಿದೆ, ಅದು ಐಜಿಎಂ ಆಗಿರಬಹುದೇ ಅಂತ ಅನುಮಾನ ಬಂದರೆ ಇನ್ನೊಂದು ಚೆಂದದ ಉಪಾಯ ಇದೆ. ಸೀರಮ್‌ಗೆ ಡೈಥಯೊತ್ರೈಟಾಲ್ ಎಂಬ ರಾಸಾಯನಿಕ ಹಾಕುತ್ತಾರೆ. ಅದು ಐಜಿಎಂನ ಐದು ವೈಗಳನ್ನು ಜೋಡಿಸಿದ್ದ ಡೈಸಲ್ಫೈಡ್ ಬಂಧಗಳನ್ನು ಬಿಡಿಸುತ್ತದೆ, ಗಂಟುಗಟ್ಟಿಸುವ ಶಕ್ತಿ ಹೋಗುತ್ತದೆ. ಅದೇ ಪ್ರಮಾಣಕ್ಕೆ ಐಜಿಜಿ ಹಾಗೇ ಉಳಿಯುತ್ತದೆ. ಪ್ರತಿಕ್ರಿಯೆ ಮಾಯವಾದರೆ ಐಜಿಎಂ, ಮಗುವಿನ ಬಗ್ಗೆ ಚಿಂತೆ ಕಡಿಮೆ. ಉಳಿದರೆ ಐಜಿಜಿ, ಮಗುವನ್ನು ಗಮನಿಸುತ್ತಾ ಇರಬೇಕು. ರಚನೆ ಗೊತ್ತಿದ್ದರೆ ಚಿಕಿತ್ಸೆಯ ತೀರ್ಮಾನಕ್ಕೆ ಎಷ್ಟು ಹತ್ತಿರ ಬರುತ್ತೇವೆ ನೋಡಿ.

ನಮ್ಮ ಕೇಸಿನ ಮಗುವಿಗೆ ನೀಲಿ ಬೆಳಕಿನ ಚಿಕಿತ್ಸೆ ಕೊಟ್ಟು, ಬೇಕಾದರೆ ರಕ್ತ ಬದಲಾಯಿಸುತ್ತಾರೆ. ಆಗ ಕೊಡುವುದು ಓ ನೆಗೆಟಿವ್ ಕಣಗಳು, ಯಾಕೆಂದರೆ ಮಗುವಿನ ಪ್ಲಾಸ್ಮಾದಲ್ಲಿರುವ ತಾಯಿಯ ಆ್ಯಂಟಿ-ಡಿ ಹೊಸ ಪಾಸಿಟಿವ್ ಕಣಗಳನ್ನೂ ಬಿಡುವುದಿಲ್ಲ. ಕಾಮಾಲೆ ಇಳಿದ ತಕ್ಷಣ ಕೇಸ್ ಮುಗಿಯುವುದೂ ಇಲ್ಲ. ಐಜಿಜಿ ಅರ್ಧಕ್ಕೆ ಇಳಿಯಲು ಮೂರು ವಾರ ಬೇಕಲ್ಲ, ಅಲ್ಲಿಯವರೆಗೆ ಮಗುವಿನ ಸ್ವಂತ ಕಣಗಳು ಒಡೆಯುತ್ತಲೇ ಇರಬಹುದು. ಮನೆಗೆ ಹೋದ ಮೇಲೂ ಹಲವು ವಾರ ಹಿಮೋಗ್ಲೋಬಿನ್ ನೋಡುತ್ತಿರಬೇಕು.

ಮೊದಲ ಮಗುವಿಗೆ ಯಾಕೆ ಏನೂ ಆಗಲಿಲ್ಲ

ಇಲ್ಲಿ ಐಜಿಡಿಯ ವಿಷಯವೂ ಬರುತ್ತದೆ, ಆದರೆ ಚಿಕ್ಕದಾಗಿ. ಇನ್ನೂ ಆ್ಯಂಟಿಜೆನ್ ಕಾಣದ ಬಿ ಜೀವಕೋಶದ ಮೈಮೇಲೆ ಐಜಿಎಂ, ಐಜಿಡಿ ಎರಡೂ ರಿಸೆಪ್ಟರ್‌ಗಳಾಗಿ ಕೂತಿರುತ್ತವೆ. ಒಂದೇ ಆರ್‌ಎನ್‌ಎ ನಕಲನ್ನು ಎರಡು ರೀತಿಯಲ್ಲಿ ಕತ್ತರಿಸಿ ಜೋಡಿಸುವುದರಿಂದ ಎರಡೂ ಒಟ್ಟಿಗೆ ಸಾಧ್ಯ. ಎರಡಕ್ಕೂ ಒಂದೇ ಕೈ. ರಕ್ತದಲ್ಲಿ ಐಜಿಡಿ ಬಹಳ ಕಡಿಮೆ, ಅದರ ಹಿಂಜ್ ಉದ್ದ, ಬೇಗ ತುಂಡಾಗುತ್ತದೆ. 1965ರಲ್ಲಿ ಒಬ್ಬ ಮೈಲೋಮಾ ರೋಗಿಯ ರಕ್ತದಲ್ಲಿ ಅದು ಮೊದಲು ಸಿಕ್ಕಿತು. ರಕ್ತದಲ್ಲಿ ಅದರ ಕೆಲಸ ಉಳಿದ ನಾಲ್ಕರಷ್ಟು ಸ್ಪಷ್ಟವಾಗಿಲ್ಲ, ಮೊದಲ ವರ್ಷಕ್ಕೆ ಇಷ್ಟು ಸಾಕು.

ಮೊದಲ ಹೆರಿಗೆಯಲ್ಲಿ ಮಾಸು ಕಳಚುವಾಗ ಮಗುವಿನ ಸ್ವಲ್ಪ ರಕ್ತ ತಾಯಿಗೆ ಸೇರಿತು. ಡಿ ಕಂಡ ಬಿ ಜೀವಕೋಶಗಳು ಮೊದಲು ಐಜಿಎಂ ಮಾಡಿದವು. ಆಮೇಲೆ ಟಿ ಜೀವಕೋಶಗಳ ಸಹಾಯದಿಂದ ವರ್ಗ ಬದಲಾಯಿಸಿದವು. ಎಐಡಿ ಎಂಬ ಕಿಣ್ವ ಡಿಎನ್‌ಎಯನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಲು ದಾರಿ ಮಾಡುತ್ತದೆ. ಮ್ಯೂ ಕಾಂಡದ ಜೀನ್ ತೆಗೆದು ಹಾಕಿ, ಅದೇ ಕೈಯ ಪಕ್ಕಕ್ಕೆ ಗ್ಯಾಮಾ ಕಾಂಡದ ಜೀನ್ ಬರುತ್ತದೆ. ಹಿಡಿಯುವುದು ಅದೇ ಡಿ ಯನ್ನೇ. ಬದಲಾದದ್ದು ಮುಂದಿನ ಕೆಲಸ. ಇದೆಲ್ಲ ಆಗುವ ಹೊತ್ತಿಗೆ ಮೊದಲ ಮಗು ಹೊರಗೆ ಬಂದಾಗಿದೆ. ಎರಡನೇ ಬಸುರಿನಲ್ಲಿ ನೆನಪಿನ ಜೀವಕೋಶಗಳು ಸ್ವಲ್ಪವೇ ರಕ್ತ ಕಂಡರೂ ನೇರ ಐಜಿಜಿ ಸುರಿಸುತ್ತವೆ.

ಇನ್ನೊಂದು ಸೂಕ್ಷ್ಮ ನೋಡಿ. ಮೊದಲ ಮಗು ಎ ಪಾಸಿಟಿವ್ ಆಗಿದ್ದಿದ್ದರೆ ತಾಯಿಗೆ ಆ್ಯಂಟಿ-ಡಿ ಬೆಳೆಯುವ ಸಾಧ್ಯತೆ ಕಡಿಮೆ ಇರುತ್ತಿತ್ತು. ತಾಯಿಯ ರಕ್ತಕ್ಕೆ ಬಂದ ಎ ಕಣಗಳನ್ನು ಅವರ ಆ್ಯಂಟಿ-ಎ ಐಜಿಎಂ ಆಗಲೇ ಒಡೆದು ಹಾಕುತ್ತಿತ್ತು, ಡಿ ಯನ್ನು ಗುರುತಿಸಲು ಸಮಯವೇ ಸಿಗುತ್ತಿರಲಿಲ್ಲ. ಮೊದಲ ಮಗು ತಾಯಿಯದೇ ಬಿ ಗುಂಪಿನದಾಗಿದ್ದರಿಂದ ಆ ಕಾವಲು ಕೆಲಸಕ್ಕೆ ಬರಲಿಲ್ಲ. 1968ರಿಂದ ಬಳಕೆಗೆ ಬಂದ ಆ್ಯಂಟಿ-ಡಿ ಇಂಜೆಕ್ಷನ್ ಕೂಡ ಅದೇ ಕೆಲಸ ಮಾಡುತ್ತದೆ: ಹೊರಗಿನಿಂದ ಐಜಿಜಿ ಕೊಟ್ಟು, ಬಿ ಜೀವಕೋಶ ಎಚ್ಚರ ಆಗುವ ಮುನ್ನವೇ ಮಗುವಿನ ಕಣಗಳನ್ನು ಗುಲ್ಮಕ್ಕೆ ಒಪ್ಪಿಸುವುದು. ಹೆರಿಗೆಯಾದ 72 ಗಂಟೆಯೊಳಗೆ ಕೊಡುವ 300 ಮೈಕ್ರೊಗ್ರಾಂ ಸುಮಾರು 30 ಮಿಲಿಲೀಟರ್ ಮಗುವಿನ ರಕ್ತವನ್ನು ತೆಗೆಯಲು ಸಾಕು. ತಾಯಿ ಸ್ವತಃ ಆ್ಯಂಟಿ-ಡಿ ಮಾಡಿಕೊಂಡ ಮೇಲೆ ಈ ಇಂಜೆಕ್ಷನ್‌ನಿಂದ ಪ್ರಯೋಜನ ಇಲ್ಲ.

ಒಂದು ಅಪವಾದ ಹೇಳದಿದ್ದರೆ ತಪ್ಪಾಗುತ್ತದೆ. ಓ ಗುಂಪಿನ ತಾಯಂದಿರ ಆ್ಯಂಟಿ-ಎ, ಆ್ಯಂಟಿ-ಬಿಯಲ್ಲಿ ಐಜಿಜಿಯೂ ಸಾಕಷ್ಟು ಇರುತ್ತದೆ. ಅದು ಮಾಸು ದಾಟುತ್ತದೆ. ಆದರೆ ಎ, ಬಿ ಆ್ಯಂಟಿಜೆನ್‌ಗಳು ಮಗುವಿನ ಬೇರೆ ಅಂಗಾಂಶಗಳ ಮೇಲೂ ಇರುವುದರಿಂದ ಆ್ಯಂಟಿಬಾಡಿ ಅಲ್ಲೆಲ್ಲ ಹಂಚಿಹೋಗುತ್ತದೆ. ಕಾಮಾಲೆ ಬರಬಹುದು, ಸಾಮಾನ್ಯವಾಗಿ ತೀವ್ರವಾಗಿರುವುದಿಲ್ಲ. ಮೊದಲ ಮಗುವಿಗೂ ಬರಬಹುದು, ಯಾಕೆಂದರೆ ಈ ಆ್ಯಂಟಿಬಾಡಿಗೆ ಹಿಂದಿನ ಹೆರಿಗೆ ಬೇಕಿಲ್ಲ.

ಐಜಿಎ: ರಕ್ತದ ಹೊರಗಿನ ಕೆಲಸ

ರಕ್ತದಲ್ಲಿ ಐಜಿಜಿಯೇ ಜಾಸ್ತಿ. ಆದರೆ ದೇಹ ದಿನವೂ ಹೆಚ್ಚು ತಯಾರಿಸುವುದು ಐಜಿಎ. ಅದರ ಬಹುಪಾಲು ರಕ್ತಕ್ಕೆ ಬರದೆ ಕರುಳು, ಉಸಿರಿನ ದಾರಿ, ಎಂಜಲು, ಕಣ್ಣೀರು, ಎದೆಹಾಲಿಗೆ ಹೋಗುವುದರಿಂದ ರಕ್ತ ಪರೀಕ್ಷೆಯಲ್ಲಿ ಅದರ ನಿಜವಾದ ಪ್ರಮಾಣ ಕಾಣುವುದಿಲ್ಲ.

ಅಲ್ಲಿಗೆ ಹೋಗುವ ಐಜಿಎ ಜೋಡಿಯಾಗಿರುತ್ತದೆ, ಎರಡು ವೈಗಳನ್ನು ಜೆ ಚೈನ್ ಸೇರಿಸಿರುತ್ತದೆ. ಲೋಳೆಪೊರೆಯ ಜೀವಕೋಶದ ಬೆನ್ನಿನ ಕಡೆ ಒಂದು ರಿಸೆಪ್ಟರ್ ಜೆ ಚೈನ್ ಇರುವ ಆ್ಯಂಟಿಬಾಡಿಯನ್ನು ಹಿಡಿದು, ಜೀವಕೋಶದ ಒಳಗಿಂದ ಆಚೆ ಬದಿಗೆ ಒಯ್ಯುತ್ತದೆ. ಅಲ್ಲಿ ರಿಸೆಪ್ಟರ್ ತುಂಡಾಗಿ, ಅದರ ಒಂದು ಭಾಗ ಐಜಿಎಗೆ ಸುತ್ತಿಕೊಂಡೇ ಉಳಿಯುತ್ತದೆ. ಅದೇ ಸೆಕ್ರೆಟರಿ ಕಾಂಪೊನೆಂಟ್. ಕರುಳಿನ ಜೀರ್ಣಕ ಕಿಣ್ವಗಳಿಂದ ಅದು ಐಜಿಎಯನ್ನು ಕಾಯುತ್ತದೆ. ದಾಟಿಸಿದ ವಾಹನವೇ ರಕ್ಷಣೆಯ ಹೊದಿಕೆ ಆಗುವುದು ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ.

ಆಲ್ಫಾ ಕಾಂಡ ಸಿ1ಕ್ಯು ಎಬ್ಬಿಸುವುದಿಲ್ಲ. ಇದು ಕೊರತೆ ಅಲ್ಲ. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ, ಪ್ರತಿಯೊಂದಕ್ಕೂ ಕಾಂಪ್ಲಿಮೆಂಟ್ ಎದ್ದರೆ ಕರುಳು ಸದಾ ಉರಿಯುತ್ತಿರುತ್ತಿತ್ತು. ಐಜಿಎ ಸದ್ದಿಲ್ಲದೆ ಬ್ಯಾಕ್ಟೀರಿಯಾ, ವೈರಸ್, ವಿಷಗಳನ್ನು ಹಿಡಿದು ಲೋಳೆಪೊರೆಗೆ ಅಂಟದ ಹಾಗೆ ಮಾಡುತ್ತದೆ. ಇದರಲ್ಲಿ ಎರಡು ಉಪವರ್ಗ. ಐಜಿಎ1ರ ಹಿಂಜ್ ಉದ್ದ, ನ್ಯುಮೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಕತ್ತರಿಸುವ ಕಿಣ್ವ ಬೆಳೆಸಿಕೊಂಡಿವೆ. ಐಜಿಎ2ರ ಹಿಂಜ್ ಗಿಡ್ಡ, ಆ ಕತ್ತರಿಗೆ ಸಿಗುವುದಿಲ್ಲ. ದೊಡ್ಡ ಕರುಳಿನಲ್ಲಿ ಐಜಿಎ2 ಜಾಸ್ತಿ.

ರಕ್ತನಿಧಿಗೆ ಐಜಿಎ ಬೇರೆ ದಾರಿಯಲ್ಲಿ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಇರುವುದಿಲ್ಲ, ಎಷ್ಟೋ ಮಂದಿಗೆ ಅದು ಗೊತ್ತೂ ಇರುವುದಿಲ್ಲ. ಅವರಲ್ಲಿ ಕೆಲವರು ಐಜಿಎ ವಿರುದ್ಧವೇ ಆ್ಯಂಟಿಬಾಡಿ ಮಾಡಿಕೊಂಡಿರುತ್ತಾರೆ. ಅಂಥವರಿಗೆ ಪ್ಲಾಸ್ಮಾ ಇರುವ ರಕ್ತ ಏರಿಸಿದರೆ ಅನಾಫಿಲಾಕ್ಸಿಸ್ ಆಗಬಹುದು. ಅದಕ್ಕೇ ಅವರಿಗೆ ತೊಳೆದ ಕೆಂಪು ಕಣಗಳನ್ನು ಕೊಡುತ್ತಾರೆ.

ಐಜಿಇ: ರಕ್ತದಲ್ಲಿ ಕಡಿಮೆ, ಜೀವಕೋಶದ ಮೇಲೆ ಸಜ್ಜು

ರಕ್ತ ಏರಿಸುವಾಗ ಮೈಮೇಲೆ ಪಿತ್ತದ ಗಂಧೆ ಏಳುವುದನ್ನು ವಾರ್ಡಿನಲ್ಲಿ ನೀವು ಖಂಡಿತ ನೋಡುತ್ತೀರಿ. ಜ್ವರ ಇಲ್ಲ, ಕಣ ಒಡೆದಿಲ್ಲ, ಬರೀ ತುರಿಕೆ, ಗಂಧೆ. ದಾನಿಯ ಪ್ಲಾಸ್ಮಾದ ಯಾವುದೋ ಪ್ರೋಟೀನ್‌ಗೆ ರೋಗಿಯ ಐಜಿಇ ಪ್ರತಿಕ್ರಿಯಿಸಿದಾಗ ಹೀಗಾಗುತ್ತದೆ.

ಐಜಿಇ ರಕ್ತದಲ್ಲಿ ಅತಿ ಕಡಿಮೆ ಇರುವ ವರ್ಗ. ಐಜಿಜಿ ಲೀಟರಿಗೆ ಸುಮಾರು 10 ಗ್ರಾಂ ಇದ್ದರೆ, ಐಜಿಇಯನ್ನು ಮೈಕ್ರೊಗ್ರಾಂನಲ್ಲಿ ಅಳೆಯಬೇಕು. ರಕ್ತದಲ್ಲಿ ಎರಡು ದಿನ ಬಾಳಿದರೆ ಹೆಚ್ಚು. ಆದರೆ ಮಾಸ್ಟ್ ಜೀವಕೋಶ, ಬೇಸೊಫಿಲ್‌ಗಳ ಮೇಲಿನ ರಿಸೆಪ್ಟರ್ ಐಜಿಇಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದರೆ, ಆ್ಯಂಟಿಜೆನ್ ಬರುವ ಮುನ್ನವೇ ಅದು ಅಲ್ಲಿ ವಾರಗಟ್ಟಲೆ ಕೂತಿರುತ್ತದೆ. ಐಜಿಜಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಐಜಿಜಿ ಮೊದಲು ಆ್ಯಂಟಿಜೆನ್ ಹಿಡಿದು ಆಮೇಲೆ ಜೀವಕೋಶದ ಹತ್ತಿರ ಹೋಗುತ್ತದೆ. ಐಜಿಇ ಮೊದಲೇ ಜೀವಕೋಶದ ಮೇಲೆ ಸಜ್ಜಾಗಿ ಕಾಯುತ್ತದೆ. ಅಲರ್ಜಿಯ ವಸ್ತು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಜೋಡಿಸಿದರೆ ಸಾಕು, ನಿಮಿಷಗಳಲ್ಲಿ ಹಿಸ್ಟಮೀನ್ ಹೊರಬೀಳುತ್ತದೆ. ಜಂತುಹುಳುಗಳ ವಿರುದ್ಧದ ಹೋರಾಟದಲ್ಲೂ ಇದರ ಪಾತ್ರ ಇದೆ.

1921ರಲ್ಲಿ ಪ್ರೌಸ್ನಿಟ್ಸ್ ಮತ್ತು ಕುಸ್ಟ್‌ನರ್ ಇದನ್ನು ತಮ್ಮ ಮೈಮೇಲೇ ತೋರಿಸಿದರು. ಕುಸ್ಟ್‌ನರ್‌ಗೆ ಮೀನಿನ ಅಲರ್ಜಿ. ಅವರ ಸೀರಮ್ಮನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮದೊಳಗೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಗಂಧೆ ಎದ್ದಿತು. ಆ ಸೀರಮ್‌ನಲ್ಲಿದ್ದದ್ದು ಏನು ಅಂತ ತಿಳಿದದ್ದು 1960ರ ದಶಕದಲ್ಲಿ, ಇಶಿಝಾಕಾ ದಂಪತಿ ಹಾಗೂ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆಯಾಗಿ ಐಜಿಇ ಕಂಡುಹಿಡಿದಾಗ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳು

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಮೇಡಂ, ಈ ತಾಯಿ ಮಗುವಿಗೆ ಎದೆಹಾಲು ಕೊಡಬಹುದಾ? ಹಾಲಿನಲ್ಲೂ ಆ್ಯಂಟಿ-ಡಿ ಹೋಗುತ್ತಲ್ವಾ?" ಕೊಡಬಹುದು, ಕೊಡಬೇಕು. ಮನುಷ್ಯರ ಹಾಲಿನಲ್ಲಿ ಮುಖ್ಯವಾಗಿ ಇರುವುದು ಐಜಿಎ, ಅದು ಕರುಳಿನಲ್ಲೇ ಕೆಲಸ ಮಾಡುತ್ತದೆ. ಐಜಿಜಿ ಸ್ವಲ್ಪ ಇರುತ್ತದೆ, ಆದರೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕರುಗಳಲ್ಲಿ ಹಾಗಲ್ಲ. ಹಸುವಿನ ಮಾಸು ಐಜಿಜಿಯನ್ನು ದಾಟಿಸುವುದಿಲ್ಲ, ಕರು ತನ್ನ ಐಜಿಜಿಯನ್ನೆಲ್ಲ ಗಿಣ್ಣುಹಾಲಿನಿಂದಲೇ ಪಡೆಯುತ್ತದೆ.

ಇನ್ನೊಬ್ಬರ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ನವಜಾತ ಶಿಶುವಿನ ರಕ್ತದಲ್ಲಿ ರುಬೆಲ್ಲಾ ವಿರುದ್ಧ ಆ್ಯಂಟಿಬಾಡಿ ಸಿಕ್ಕರೆ, ಅದು ಯಾರದ್ದು ಅಂತ ಹೇಗೆ ಹೇಳುವುದು?" ವರ್ಗ ನೋಡಿ ಹೇಳಬೇಕು. ಐಜಿಜಿ ಸಿಕ್ಕರೆ ತಾಯಿಯದ್ದಿರಬಹುದು, ಅದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ. ತಿಂಗಳುಗಳು ಕಳೆದಂತೆ ಅದು ಇಳಿದು ಮಾಯವಾದರೆ ತಾಯಿಯದ್ದು. ಇಳಿಯದೆ ನಿಂತರೆ ಅಥವಾ ಏರಿದರೆ ಮಗುವಿನದೇ. ಐಜಿಎಂ ಸಿಕ್ಕರೆ ಮಾತ್ರ ಎಚ್ಚರ ಆಗಬೇಕು, ಯಾಕೆಂದರೆ ತಾಯಿಯ ಐಜಿಎಂ ದಾಟಿ ಬರುವುದಿಲ್ಲ. ಮಗು ಹೊಟ್ಟೆಯೊಳಗೇ ಸೋಂಕು ತಗುಲಿ ತಾನೇ ಅದನ್ನು ಮಾಡಿರಬೇಕು. ಆದರೆ ಹೊಕ್ಕುಳಬಳ್ಳಿಯಿಂದ ತೆಗೆದ ಮಾದರಿಗೆ ತಾಯಿಯ ರಕ್ತ ಬೆರೆತಿದ್ದರೂ ಐಜಿಎಂ ಕಾಣಿಸುತ್ತದೆ. ಆ ಅನುಮಾನ ಇದ್ದರೆ ಅದೇ ಮಾದರಿಯಲ್ಲಿ ಐಜಿಎ ನೋಡಿ. ತಾಯಿಯ ಐಜಿಎ ಕೂಡ ಮಾಸು ದಾಟುವುದಿಲ್ಲ, ನವಜಾತ ಶಿಶು ಸ್ವತಃ ಐಜಿಎ ಮಾಡುವುದು ತೀರಾ ಕಡಿಮೆ. ಎರಡೂ ಒಟ್ಟಿಗೆ ಹೆಚ್ಚಿದ್ದರೆ ಮಾದರಿ ಕಲಬೆರಕೆ ಆಗಿರಬಹುದು. ಆಗ ಮಗುವಿನ ಸಿರೆಯಿಂದಲೇ ಹೊಸದಾಗಿ ರಕ್ತ ತೆಗೆದು ಪರೀಕ್ಷೆ ಮತ್ತೆ ಮಾಡಬೇಕು.